ಪ್ರಾಸ್ಟೇಟ್ ಮಾತ್ರೆ: ಅದೇ ಊಟದ ನಂತರ ಏಕೆ, ನಿಧಾನವಾಗಿ ಏಳುವುದು ಏಕೆ

(ಹಿರಿಯರು ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪ್ರಾಸ್ಟೇಟ್ ತೊಂದರೆಗೆ ಮಾತ್ರೆ ಬರೆದುಕೊಡುವಾಗ ವೈದ್ಯರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ದಿನಾ ಒಂದೇ ಊಟದ ನಂತರ ತಗೊಳ್ಳಿ. ಇನ್ನೊಂದು, ಶುರುವಿನಲ್ಲಿ ಎದ್ದೇಳುವಾಗ ನಿಧಾನ. ಮೊದಲನೆಯದನ್ನು ಕೇಳಿದವರು, ಹೊಟ್ಟೆ ಉರಿಯದಿರಲಿ ಅಂತ ಹೇಳಿರಬೇಕು ಎಂದುಕೊಳ್ಳುತ್ತಾರೆ. ಎರಡನೆಯದನ್ನು ಕೇಳಿದವರು, ವಯಸ್ಸಾದವರಿಗೆಲ್ಲ ಹೇಳುವ ಮಾತು ಅಂತ ಬಿಟ್ಟುಬಿಡುತ್ತಾರೆ. ಎರಡೂ ಹಾಗಲ್ಲ. ಎರಡು ಮಾತಿಗೂ ಕಾರಣ ಒಂದೇ, ನೀವು ಎದ್ದು ನಿಂತಾಗ ಬಿಪಿ ಕುಸಿಯಬಾರದು ಅನ್ನುವುದು. ಇವತ್ತು ಇದೊಂದನ್ನೇ ಬಿಡಿಸಿ ನೋಡೋಣ. ಈ ಗುಂಪಿನಲ್ಲಿ ಬಹಳ ಬಳಕೆಯಲ್ಲಿರುವ ಟ್ಯಾಮ್ಸುಲೋಸಿನ್ ಅನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಉಳಿದವು ಎಲ್ಲಿ ಬೇರೆ ಅನ್ನುವುದನ್ನು ಅಲ್ಲಲ್ಲಿ ಹೇಳುತ್ತೇನೆ.

ಮೊದಲು ಮಾತ್ರೆ ಏನು ಮಾಡುತ್ತದೆ ನೋಡೋಣ. ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಪ್ರಾಸ್ಟೇಟ್ ಗ್ರಂಥಿ ಇದೆ. ವಯಸ್ಸಾದಂತೆ ಅದು ದೊಡ್ಡದಾಗುತ್ತದೆ. ಆದರೆ ಮೂತ್ರ ಕಟ್ಟಿಕೊಳ್ಳುವುದು ಗಾತ್ರದಿಂದ ಮಾತ್ರ ಅಲ್ಲ. ಆ ಗ್ರಂಥಿಯಲ್ಲಿ, ಮೂತ್ರಕೋಶದ ಕತ್ತಿನಲ್ಲಿ ಸಣ್ಣ ಸಣ್ಣ ಸ್ನಾಯುಗಳಿವೆ. ದಾರ ಎಳೆದು ಬಾಯಿ ಕಟ್ಟಿದ ಚೀಲದ ಹಾಗೆ ಅವು ದಾರಿಯನ್ನು ಬಿಗಿಯುತ್ತವೆ. ಬಿಗಿಯಿರಿ ಎಂದು ಅವಕ್ಕೆ ನರಗಳಿಂದ ಸಂದೇಶ ಬರುತ್ತದೆ. ಆ ಸಂದೇಶ ಬಂದು ಸೇರುವ ಜಾಗಕ್ಕೆ ಆಲ್ಫಾ ರಿಸೆಪ್ಟರ್ ಅನ್ನುತ್ತಾರೆ. ಮಾತ್ರೆ ಅಲ್ಲಿ ಹೋಗಿ ಕೂತು ಸಂದೇಶವನ್ನು ತಡೆಯುತ್ತದೆ. ಅದಕ್ಕೇ ಆಲ್ಫಾ ಬ್ಲಾಕರ್ ಅಂತ ಹೆಸರು. ಸ್ನಾಯು ಸಡಿಲವಾಗುತ್ತದೆ, ಮೂತ್ರ ಸಲೀಸಾಗಿ ಬರುತ್ತದೆ. ಗ್ರಂಥಿ ಚಿಕ್ಕದಾಗುವುದಿಲ್ಲ, ದಾರಿ ಸಡಿಲವಾಗುತ್ತದೆ ಅಷ್ಟೇ. ಹಾಗಾಗಿಯೇ ಪರಿಣಾಮ ತಿಂಗಳುಗಟ್ಟಲೆ ಕಾಯದೆ ಕೆಲವೇ ದಿನಗಳಲ್ಲಿ ಗೊತ್ತಾಗಲು ಶುರುವಾಗುತ್ತದೆ.

ಇಲ್ಲಿಯವರೆಗೆ ಎಲ್ಲಾ ಸರಿ. ತೊಡಕು ಏನೆಂದರೆ, ಇದೇ ಜಾತಿಯ ರಿಸೆಪ್ಟರ್‌ಗಳು ರಕ್ತನಾಳಗಳ ಗೋಡೆಯಲ್ಲೂ ಇವೆ.

ನೀವು ಮಲಗಿದ್ದಾಗ ರಕ್ತ ಮೈಯಲ್ಲೆಲ್ಲ ಹೆಚ್ಚುಕಮ್ಮಿ ಸಮನಾಗಿ ಹರಡಿರುತ್ತದೆ. ಎದ್ದು ನಿಂತ ಕೂಡಲೇ ಸುಮಾರು ಅರ್ಧ ಲೀಟರ್, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ರಕ್ತ ಕಾಲಿಗೂ ಕಿಬ್ಬೊಟ್ಟೆಗೂ ಇಳಿಯುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಇಳಿಯಲು ಶುರುವಾಗುತ್ತದೆ. ಕತ್ತಿನ ದೊಡ್ಡ ರಕ್ತನಾಳದಲ್ಲಿ ಒತ್ತಡ ಗಮನಿಸುವ ನರಗಳಿವೆ. ಅವು ಇದನ್ನು ಕೂಡಲೇ ಗುರುತಿಸುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ರಕ್ತ ಮೇಲಕ್ಕೆ ಬರುತ್ತದೆ. ಇದೆಲ್ಲ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಗಮನಿಸಿ, ರಕ್ತನಾಳ ಬಿಗಿಯಾಗಬೇಕಾದರೆ ಅದೇ ಆಲ್ಫಾ ರಿಸೆಪ್ಟರ್ ಬೇಕು. ಅಲ್ಲಿ ಮಾತ್ರೆ ಕೂತಿದ್ದರೆ ಬಿಗಿಯುವ ಕೆಲಸ ತಡವಾಗುತ್ತದೆ, ಅರ್ಧಂಬರ್ಧ ಆಗುತ್ತದೆ. ಆ ಹೊತ್ತಿಗೆ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ.

ಈ ಗುಂಪಿನ ಹಳೆಯ ಔಷಧಿ ಪ್ರಾಜೋಸಿನ್. 1970ರ ದಶಕದಲ್ಲಿ ಅದು ಬಂದದ್ದು ಬಿಪಿ ಇಳಿಸಲಿಕ್ಕೆ. ಆಗ ಒಂದು ವಿಚಿತ್ರ ಕಂಡುಬಂತು. ಮೊದಲ ಮಾತ್ರೆ ನುಂಗಿ ಒಂದೆರಡು ಗಂಟೆಯೊಳಗೆ ಕೆಲವರು ನಿಂತಲ್ಲೇ ಪ್ರಜ್ಞೆ ತಪ್ಪಿ ಬಿದ್ದರು. ಅದೇ ಮಾತ್ರೆಯನ್ನು ಮುಂದುವರಿಸಿದರೆ ಅಷ್ಟು ತೊಂದರೆ ಇರಲಿಲ್ಲ, ದೇಹ ಹೊಂದಿಕೊಳ್ಳುತ್ತಿತ್ತು. ಇದಕ್ಕೆ ಮೊದಲ ಡೋಸ್ ಪರಿಣಾಮ ಅಂತಲೇ ಹೆಸರು ಬಂತು. ಹಾಗಾಗಿ ಮೊದಲ ಡೋಸನ್ನು ತೀರಾ ಚಿಕ್ಕದು ಮಾಡಿ, ಮಲಗುವ ಹೊತ್ತಿಗೆ ಕೊಡುವ ಪದ್ಧತಿ ಶುರುವಾಯಿತು. ಆಮೇಲೆ ಬಂದ ಟೆರಾಜೋಸಿನ್ ಮತ್ತು ಡೋಕ್ಸಾಜೋಸಿನ್‌ನ ಸಾಮಾನ್ಯ ಮಾತ್ರೆಯನ್ನೂ 1 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ.

ಟ್ಯಾಮ್ಸುಲೋಸಿನ್ ಇವುಗಳಿಗಿಂತ ಸೌಮ್ಯ. ಪ್ರಾಸ್ಟೇಟಿನಲ್ಲಿ ಜಾಸ್ತಿ ಇರುವ ರಿಸೆಪ್ಟರ್ ಬಗೆಗೆ ಅದು ಹೆಚ್ಚು ಅಂಟಿಕೊಳ್ಳುತ್ತದೆ, ರಕ್ತನಾಳದ ತಂಟೆಗೆ ಕಡಿಮೆ ಹೋಗುತ್ತದೆ. ಅದಕ್ಕೇ ಇದನ್ನು ಮೊದಲ ದಿನದಿಂದಲೇ ಪೂರ್ತಿ ಡೋಸ್, ಅಂದರೆ 0.4 ಮಿಲಿಗ್ರಾಂ ಕೊಡಬಹುದು. ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಈ ಔಷಧಿಯ ಪ್ರಯೋಗಗಳಲ್ಲಿ ಮೊದಲ ಡೋಸ್ ಆದ 4 ಗಂಟೆಗೆ ಜನರನ್ನು ಮಲಗಿಸಿ, ನಿಲ್ಲಿಸಿ ಪರೀಕ್ಷೆ ಮಾಡಿದರು. 0.4 ಮಿಲಿಗ್ರಾಂ ತಗೊಂಡವರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ನಿಂತಾಗಿನ ತೊಂದರೆ ಕಂಡಿತು. ಔಷಧಿಯಿಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ಅದು ನೂರಕ್ಕೆ 3. ಹೆದರಿ ಮಾತ್ರೆ ಬಿಡುವಂಥ ಅಂಕಿ ಇದಲ್ಲ. ಆದರೆ ಆ ಏಳು ಜನರಲ್ಲಿ ನೀವೊಬ್ಬರಾ ಅನ್ನುವುದು ಮೊದಲೇ ಗೊತ್ತಾಗುವುದಿಲ್ಲವಲ್ಲ! ವಯಸ್ಸಾದ ಮೇಲೆ ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಪ್ರಾಸ್ಟೇಟ್ ತೊಂದರೆ ಅದರ ಮುಂದೆ ಏನೂ ಅಲ್ಲ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಮೊದಲ ಡೋಸ್ ಅಂದಾಕ್ಷಣ ಮೊದಲ ದಿನ ಮಾತ್ರ ಅಂತ ತಿಳಿಯಬೇಡಿ. ಟ್ಯಾಮ್ಸುಲೋಸಿನ್ ನಿಧಾನವಾಗಿ ದೇಹದಿಂದ ಹೋಗುವ ಔಷಧಿ. ಇವತ್ತಿನದು ಪೂರ್ತಿ ಹೋಗುವ ಮೊದಲೇ ನಾಳಿನದು ಸೇರುತ್ತದೆ. ಹಾಗಾಗಿ ರಕ್ತದಲ್ಲಿ ಅದರ ಮಟ್ಟ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿ ಸುಮಾರು ಐದನೇ ದಿನಕ್ಕೆ ಒಂದು ಹದಕ್ಕೆ ಬರುತ್ತದೆ. ಮೊದಲ ದಿನ ಏನೂ ಆಗಲಿಲ್ಲ, ನನಗೆ ಒಗ್ಗಿತು ಅಂತ ಮೂರನೇ ದಿನ ದಡಬಡ ಎದ್ದರೆ ಲೆಕ್ಕ ತಪ್ಪುತ್ತದೆ. ಕಡೇಪಕ್ಷ ಮೊದಲ ವಾರ ಪೂರ್ತಿ ಎಚ್ಚರ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಊಟದ ವಿಷಯಕ್ಕೆ ಬರೋಣ. ಇದನ್ನು ಜನ ಅಷ್ಟಾಗಿ ಕೇಳಿರುವುದಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಟ್ಯಾಮ್ಸುಲೋಸಿನ್‌ನ ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಪುಡಿ ಇರುವುದಿಲ್ಲ, ಸಾಸಿವೆಗಿಂತ ಸಣ್ಣ ಬಿಳಿ ಗುಂಡುಗಳಿರುತ್ತವೆ. ಔಷಧಿ ಒಂದೇ ಸಲ ಹೊರಬರದೆ ಗಂಟೆಗಟ್ಟಲೆ ನಿಧಾನವಾಗಿ ಬರಲಿ ಅಂತ ಹಾಗೆ ಮಾಡಿರುತ್ತಾರೆ. ಮಾತ್ರೆಯ ರೂಪದಲ್ಲಿ ಬಂದರೂ ಉದ್ದೇಶ ಇದೇ. ಅದಕ್ಕೇ ಅಗಿಯಬಾರದು, ಕುಟ್ಟಬಾರದು, ನುಂಗಲು ಕಷ್ಟ ಅಂತ ಬಿಚ್ಚಿ ನೀರಿಗೆ ಹಾಕಬಾರದು. ಇಡೀ ದಿನಕ್ಕೆ ಹಂಚಬೇಕಾದ ಔಷಧಿ ಒಂದೇ ಸಲ ರಕ್ತಕ್ಕೆ ಬಂದರೆ ಏನಾಗುತ್ತದೆ ಅನ್ನುವುದನ್ನು ಈಗ ನೀವೇ ಊಹಿಸಬಹುದು.

ಇದೇ ಕ್ಯಾಪ್ಸೂಲನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಎರಡು ಬದಲಾವಣೆ ಆಗುತ್ತವೆ. ರಕ್ತಕ್ಕೆ ಸೇರುವ ಒಟ್ಟು ಔಷಧಿ ಸುಮಾರು ನೂರಕ್ಕೆ 30ರಷ್ಟು ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದ್ದು ಇನ್ನೊಂದು. ರಕ್ತದಲ್ಲಿ ಔಷಧಿ ಮುಟ್ಟುವ ಅತಿ ಎತ್ತರದ ಮಟ್ಟ ನೂರಕ್ಕೆ 40ರಿಂದ 70ರಷ್ಟು ಹೆಚ್ಚುತ್ತದೆ. ಆ ಮಟ್ಟ ಬೇಗ ಕೂಡ ಬರುತ್ತದೆ. ಊಟವಾದ ಮೇಲೆ ತಗೊಂಡರೆ 6ರಿಂದ 7 ಗಂಟೆ, ಖಾಲಿ ಹೊಟ್ಟೆಯಲ್ಲಾದರೆ 4ರಿಂದ 5 ಗಂಟೆ. ಸ್ಟ್ರಿಪ್ ಮೇಲೆ ಬರೆದಿರುವುದು ಅದೇ 0.4. ನೀವು ನುಂಗಿದ್ದೂ ಒಂದೇ. ಆದರೆ ಮೈಗೆ ಆ ಹೊತ್ತಿನಲ್ಲಿ ಒಂದೂವರೆ ಮಾತ್ರೆ ತಗೊಂಡ ಹಾಗೆ ಆಗಿರಬಹುದು.

ಹಾಗಾದರೆ 'ಅದೇ ಊಟ' ಅನ್ನುವುದೇಕೆ? ಯಾವುದಾದರೊಂದು ಊಟವಾದ ಮೇಲೆ ತಗೊಂಡರೆ ಸಾಲದೇ? ಸಾಲದು. ಇವತ್ತು ರಾತ್ರಿ ಊಟದ ನಂತರ, ನಾಳೆ ಬೆಳಿಗ್ಗೆ ತಿಂಡಿಯ ನಂತರ ಅಂತ ತಗೊಂಡರೆ ನಡುವೆ ಸುಮಾರು 12 ಗಂಟೆ ಮಾತ್ರ ಇರುತ್ತದೆ. ಹಿಂದಿನ ಮಾತ್ರೆ ಇನ್ನೂ ಜೋರಾಗಿರುವಾಗಲೇ ಇನ್ನೊಂದು ಸೇರುತ್ತದೆ. ಒಂದೇ ಊಟಕ್ಕೆ ಅಂಟಿಕೊಂಡರೆ ಅಂತರ ತಾನಾಗಿಯೇ 24 ಗಂಟೆಯ ಹತ್ತಿರ ಇರುತ್ತದೆ, ಹೊಟ್ಟೆಯೂ ತುಂಬಿರುತ್ತದೆ. ಗಡಿಯಾರ ನೋಡಿ ನೆನಪಿಟ್ಟುಕೊಳ್ಳುವುದಕ್ಕಿಂತ ಊಟ ನೋಡಿ ನೆನಪಿಟ್ಟುಕೊಳ್ಳುವುದು ಸುಲಭ ಅಲ್ವಾ. ಊಟ ಮುಗಿದು ಸುಮಾರು ಅರ್ಧ ಗಂಟೆಗೆ ತಗೊಳ್ಳಿ. ಒಂದು ಬಿಸ್ಕತ್ತು ಕಡಿದು ನೀರು ಕುಡಿದರೆ ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ.

ಇದೇ ಗುಂಪಿನ ಆಲ್ಫುಜೋಸಿನ್ ತಗೊಳ್ಳುವವರು ಇಲ್ಲಿ ಇದ್ದರೆ ಕೇಳಿಸಿಕೊಳ್ಳಿ. ಅದನ್ನೂ ದಿನಾ ಅದೇ ಊಟವಾದ ಕೂಡಲೇ ತಗೊಳ್ಳಬೇಕು. ಆದರೆ ಕಾರಣ ಪೂರ್ತಿ ತಿರುಗುಮುರುಗು. ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ಸುಮಾರು ಅರ್ಧದಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಅಂದರೆ ಟ್ಯಾಮ್ಸುಲೋಸಿನ್ ಖಾಲಿ ಹೊಟ್ಟೆಯಲ್ಲಿ ಅತಿಯಾಗುತ್ತದೆ, ಆಲ್ಫುಜೋಸಿನ್ ಸಾಲದೆ ಹೋಗುತ್ತದೆ. ಒಂದು ದಿನ ತಿಂದು, ಒಂದು ದಿನ ತಿನ್ನದೆ ತಗೊಂಡರೆ ಒಂದು ದಿನ ಮೂತ್ರ ಕಟ್ಟುತ್ತದೆ, ಇನ್ನೊಂದು ದಿನ ತಲೆ ಸುತ್ತುತ್ತದೆ. ಮಾತ್ರೆ ಸರಿಯಿಲ್ಲ ಅಂತ ದೂರು ಬರುತ್ತದೆ. ಸೈಲೋಡೋಸಿನ್ ಅನ್ನೂ ಊಟದ ಜೊತೆಯೇ ತಗೊಳ್ಳಬೇಕು. ನಿಮ್ಮ ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಜೊತೆಗೆ ಔಷಧಿಯ ಹೆಸರೂ ಇರುತ್ತದೆ. ಮನೆಗೆ ಹೋಗಿ ಅದನ್ನು ಓದಿ. ಗ್ರಂಥಿಯನ್ನು ಕುಗ್ಗಿಸುವ ಡುಟಾಸ್ಟರೈಡ್ ಜೊತೆ ಸೇರಿಸಿದ ಕ್ಯಾಪ್ಸೂಲ್‌ನಲ್ಲೂ ಟ್ಯಾಮ್ಸುಲೋಸಿನ್ ಇರುತ್ತದೆ, ನಿಯಮ ಅದೇ.

ಯಾವ ಊಟ? ಇದು ನಿಜವಾಗಿ ಯೋಚನೆ ಮಾಡಬೇಕಾದ ಪ್ರಶ್ನೆ. ರಾತ್ರಿ 8:30ಕ್ಕೆ ಊಟದ ನಂತರ ಟ್ಯಾಮ್ಸುಲೋಸಿನ್ ತಗೊಂಡರು ಅನ್ನಿ. ಔಷಧಿ ತನ್ನ ಎತ್ತರ ಮುಟ್ಟಲು ಬೇಕಾದ ಆರೇಳು ಗಂಟೆ ಸೇರಿಸಿ. ರಾತ್ರಿ ಎರಡೂವರೆ, ಮೂರೂವರೆ. ಪ್ರಾಸ್ಟೇಟ್ ತೊಂದರೆ ಇರುವವರು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ? ಮೂತ್ರಕ್ಕೆ ಎದ್ದಿರುತ್ತಾರೆ. ಮಲಗುವ ಹೊತ್ತಿಗೆ ಕೊಟ್ಟರೆ ರೋಗಿ ಮಲಗಿಯೇ ಇರುತ್ತಾನೆ, ಬೀಳುವುದಿಲ್ಲ ಅನ್ನುವ ಲೆಕ್ಕ ಬಿಪಿ ರೋಗಿಗೆ ಸರಿ. ಆದರೆ ರಾತ್ರಿ ಮೂರು ಸಲ ಏಳುವವರಿಗಾಗಿಯೇ ಇರುವ ಮಾತ್ರೆಗೆ ಆ ಲೆಕ್ಕವನ್ನು ಕಣ್ಣುಮುಚ್ಚಿ ಹಾಕಲು ಬರುವುದಿಲ್ಲ. ಬೆಳಿಗ್ಗೆ 8:30ಕ್ಕೆ ತಿಂಡಿಯ ನಂತರ ತಗೊಂಡರೆ ಅದೇ ಗಟ್ಟಿ ಹೊತ್ತು ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಗೆ ಬೀಳುತ್ತದೆ. ಆಗ ಬೆಳಕಿರುತ್ತದೆ, ಎಚ್ಚರ ಇರುತ್ತದೆ, ಸುತ್ತ ಜನ ಇರುತ್ತಾರೆ. ಹಗಲಲ್ಲಿ ವಾಹನ ಓಡಿಸುವವರಿಗೆ, ಏಣಿ ಹತ್ತುವ ಕೆಲಸದವರಿಗೆ ರಾತ್ರಿಯೇ ವಾಸಿ ಆಗಬಹುದು. ರಾತ್ರಿ ಪದೇ ಪದೇ ಏಳುವವರು, ಒಬ್ಬರೇ ಇರುವವರು ತಿಂಡಿಯ ನಂತರ ತಗೊಳ್ಳಬಹುದಾ ಅಂತ ವೈದ್ಯರನ್ನು ಬಾಯಿಬಿಟ್ಟು ಕೇಳಿ. ಡೋಕ್ಸಾಜೋಸಿನ್, ಟೆರಾಜೋಸಿನ್ ಹೊತ್ತನ್ನು ಮಾತ್ರ ಕೇಳದೆ ಬದಲಿಸಬೇಡಿ, ಅವುಗಳ ಮೊದಲ ಡೋಸಿನ ಪರಿಣಾಮ ಜೋರು.

ಒಂದು ಉದಾಹರಣೆ ಕಟ್ಟೋಣ. ಇವರು ಯಾರೋ ಒಬ್ಬ ನಿಜವಾದ ವ್ಯಕ್ತಿ ಅಲ್ಲ, ಆದರೆ ಇಲ್ಲಿರುವ ಎಷ್ಟೋ ಜನರ ದಿನಚರಿ ಹೀಗೇ ಇರಬಹುದು. 68 ವರ್ಷದ ಯಜಮಾನರು. ಬಿಪಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಬೆಳಿಗ್ಗೆ ಎದ್ದ ಕೂಡಲೇ ತಗೊಳ್ಳುತ್ತಾರೆ. ಟ್ಯಾಮ್ಸುಲೋಸಿನ್ ಶುರುವಾಗಿ ನಾಲ್ಕು ದಿನ ಆಗಿದೆ, ತಿಂಡಿಯಾದ ಅರ್ಧ ಗಂಟೆಗೆ, ಅಂದರೆ 8:30ಕ್ಕೆ. ಏನೂ ತೊಂದರೆ ಇಲ್ಲ. ಐದನೇ ದಿನ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ. ನೀರು ಕುಡಿಯಬಹುದು ಅಂತ ಹೇಳಿದ್ದಾರೆ. ಮರೆಯಬಾರದು ಅಂತ 6:30ಕ್ಕೇ ಎರಡೂ ಮಾತ್ರೆ ನೀರಿನಲ್ಲಿ ನುಂಗಿ ಹೊರಟರು. ದಾರಿಯಲ್ಲಿ ಮೂತ್ರಕ್ಕೆ ಅವಸರ ಆಗಬಾರದು ಅಂತ ನೀರು ಒಂದೇ ಗುಟುಕು.

ಲ್ಯಾಬಿನಲ್ಲಿ ಸಾಲು ಉದ್ದ. ರಕ್ತ ಕೊಟ್ಟಾಗ 9:30. ಮನೆಗೆ ಬಂದು 10:15ಕ್ಕೆ ಹೊಟ್ಟೆ ತುಂಬ ತಿಂದರು. ಕುರ್ಚಿಯಲ್ಲಿ ಕೂತು ಪೇಪರ್ ಓದಿದರು. 11 ಗಂಟೆಗೆ ಫೋನ್ ಬಂತು, ತಟ್ಟನೆ ಎದ್ದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಅಂತು, ಎದುರಿನ ಗೋಡೆ ಮಸುಕಾಯಿತು, ಬೆನ್ನಲ್ಲಿ ತಣ್ಣನೆಯ ಬೆವರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಅದೃಷ್ಟಕ್ಕೆ ಪೆಟ್ಟಾಗಲಿಲ್ಲ.

ಏನಾಯಿತು? 6:30ಕ್ಕೆ ನಾಲ್ಕೂವರೆ ಗಂಟೆ ಸೇರಿಸಿದರೆ 11. ಖಾಲಿ ಹೊಟ್ಟೆಯಲ್ಲಿ ತಗೊಂಡ ಮಾತ್ರೆ ಸರಿಯಾಗಿ ಆ ಹೊತ್ತಿಗೆ ತನ್ನ ಎತ್ತರ ಮುಟ್ಟಿತ್ತು, ಅದೂ ಮಾಮೂಲಿಗಿಂತ ಬಹಳ ಎತ್ತರ. ಹಿಂದಿನ ನಾಲ್ಕು ದಿನದ್ದು ಅದರ ಅಡಿಯಲ್ಲಿತ್ತು. ಮೈಯಲ್ಲಿ ನೀರು ಕಡಿಮೆ. ಜೊತೆಗೆ ಹೊಟ್ಟೆ ತುಂಬ ತಿಂದ ಮೇಲೆ ಒಂದೆರಡು ಗಂಟೆ ರಕ್ತ ಕರುಳಿನ ಕಡೆ ಜಾಸ್ತಿ ಹರಿಯುತ್ತದೆ, ವಯಸ್ಸಾದವರಲ್ಲಿ ಇದರಿಂದಲೇ ಬಿಪಿ ಸ್ವಲ್ಪ ಇಳಿಯುತ್ತದೆ. ಬಿಪಿ ಮಾತ್ರೆ ಬೇರೆ. ಇವುಗಳಲ್ಲಿ ಯಾವುದೂ ಒಂದೇ ಅವರನ್ನು ಕೂರಿಸುತ್ತಿರಲಿಲ್ಲವೇನೋ. ಎಲ್ಲಾ ಸೇರಿ 11 ಗಂಟೆಗೆ ಒಟ್ಟಿಗೆ ಬಂದವು.

ಅವರು ಮಾಡಬೇಕಾಗಿದ್ದು ಇಷ್ಟೇ. ಟ್ಯಾಮ್ಸುಲೋಸಿನ್ ಮನೆಯಲ್ಲೇ ಬಿಟ್ಟು ಹೋಗುವುದು. ವಾಪಸ್ ಬಂದು 10:15ಕ್ಕೆ ತಿಂದು, ಪೌಣೆ ಹನ್ನೊಂದರ ಸುಮಾರಿಗೆ ತಗೊಳ್ಳುವುದು. ಮರುದಿನ ಮತ್ತೆ 8:30ಕ್ಕೆ. ನಡುವೆ ಸುಮಾರು 22 ಗಂಟೆ ಸಿಗುತ್ತದೆ, ಸಾಕು. ಈ ಮಾತ್ರೆ ಎರಡು ಗಂಟೆ ತಡವಾದರೆ ನಷ್ಟವಿಲ್ಲ. ಖಾಲಿ ಹೊಟ್ಟೆಗೆ ಬೇಗ ಹೋಗುವುದಕ್ಕಿಂತ ಊಟದ ಮೇಲೆ ತಡವಾಗಿ ಹೋಗುವುದು ಎಷ್ಟೋ ವಾಸಿ.

ಈಗ ಏಳುವ ವಿಧಾನ. ರಾತ್ರಿ ಮೂತ್ರಕ್ಕೆ ಏಳುವುದನ್ನೇ ನೋಡೋಣ, ಅದೇ ಎಲ್ಲಕ್ಕಿಂತ ಅಪಾಯದ ಹೊತ್ತು. ಎಚ್ಚರವಾದ ಕೂಡಲೇ ಏಳಬೇಡಿ. ಮಲಗಿದ್ದಲ್ಲೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಹತ್ತಿಪ್ಪತ್ತು ಸಲ ಆಡಿಸಿ. ಮೀನಖಂಡದ ಸ್ನಾಯು ಬಿಗಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಆಮೇಲೆ ಮಗ್ಗುಲಾಗಿ ಕೈಯೂರಿ ಎದ್ದು ಕೂರಿ. ಕಾಲು ಕೆಳಗೆ ಬಿಡಿ, ಪಾದ ನೆಲಕ್ಕೆ ತಾಗಲಿ. ಅಲ್ಲೇ ಒಂದೆರಡು ನಿಮಿಷ ಕೂತಿರಿ, ಮುಷ್ಟಿ ಬಿಗಿದು ಬಿಡಿ. ಈ ಹೊತ್ತಿನಲ್ಲಿ ದೀಪ ಹಾಕಿ. ತಲೆ ತಿಳಿಯಾಗಿದೆ ಅನಿಸಿದ ಮೇಲೆ ಮಂಚದ ತುದಿಯನ್ನೋ ಗೋಡೆಯನ್ನೋ ಹಿಡಿದು ನಿಲ್ಲಿ. ನಿಂತ ಕೂಡಲೇ ನಡೆಯಬೇಡಿ. ಬಿಪಿ ಕುಸಿಯುವುದು ಬಹಳ ಸಲ ನಿಂತ ಮೊದಲ ಒಂದು ನಿಮಿಷದಲ್ಲೇ ಗೊತ್ತಾಗುತ್ತದೆ. ಆ ಒಂದು ನಿಮಿಷ ಮಂಚದ ಪಕ್ಕದಲ್ಲೇ ಕಳೆದರೆ, ತಲೆ ತಿರುಗಿದರೂ ಹಿಂದೆ ಮಂಚ ಇರುತ್ತದೆ.

ಅಷ್ಟು ಹೊತ್ತು ಮೂತ್ರ ತಡೆಯಲು ಆಗುವುದಿಲ್ಲ ಡಾಕ್ಟ್ರೇ, ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ನಿಜವಾದ ಮಾತು. ಅವಸರವೇ ಈ ರೋಗದ ಲಕ್ಷಣ, ಅದನ್ನು ಮರೆತು ನಿಧಾನ ಮಾಡಿ ಅಂತ ಸುಮ್ನೆ ಹೇಳಿದರೆ ಪ್ರಯೋಜನವಿಲ್ಲ. ಮೊದಲ ವಾರ ಮಂಚದ ಪಕ್ಕದಲ್ಲೇ ಒಂದು ಯೂರಿನ್ ಪಾಟ್ ಇಟ್ಟುಕೊಳ್ಳಿ. ಮಂಚದ ಅಂಚಿನಲ್ಲಿ ಕೂತೇ ಬಳಸಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬಚ್ಚಲಿಗೆ ಹೋದರೂ ಗಂಡಸರು ರಾತ್ರಿ ಹೊತ್ತು ಕೂತೇ ಮೂತ್ರ ಮಾಡಿ. ತುಂಬಿದ ಮೂತ್ರಕೋಶ ಬಿಪಿಯನ್ನು ಸ್ವಲ್ಪ ಮೇಲೆ ಹಿಡಿದಿರುತ್ತದೆ, ಖಾಲಿಯಾದಾಗ ಅದು ಇಳಿಯುತ್ತದೆ. ನಿಂತುಕೊಂಡು ತಿಣುಕಿದರೆ ಹೃದಯಕ್ಕೆ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಮಾತ್ರೆ ಇಲ್ಲದೆಯೂ ಬಚ್ಚಲಲ್ಲಿ ಬವಳಿ ಬಂದು ಬೀಳುವವರಿದ್ದಾರೆ, ಮಾತ್ರೆ ಇದ್ದರೆ ಕೇಳುವುದೇ ಬೇಡ. ಮೊದಲ ವಾರ ಬಚ್ಚಲಿನ ಚಿಲಕ ಹಾಕದಿದ್ದರೆ ಮನೆಯವರಿಗೂ ಅನುಕೂಲ.

ಸೂಚನೆ ಹೇಗಿರುತ್ತದೆ ಅಂದರೆ, ಎಲ್ಲರಿಗೂ ತಲೆ ಗಿರ್ರನೆ ಸುತ್ತುವುದಿಲ್ಲ. ಕೆಲವರಿಗೆ ತಲೆ ಹಗುರವಾದ ಹಾಗೆ, ಕೆಲವರಿಗೆ ಕಣ್ಣು ಮಂಜು. ಕೆಲವರಿಗೆ ಕತ್ತಿನ ಹಿಂದೆ, ಭುಜದಲ್ಲಿ ನೋವು. ಇನ್ನು ಕೆಲವರಿಗೆ ಕಾಲಲ್ಲಿ ಶಕ್ತಿಯೇ ಹೋದಂತೆ. ಕೂತಾಗ ಹೋಗಿ ನಿಂತಾಗ ಬಂದರೆ ಅದು ಇದೇ. ಬಂದ ಕೂಡಲೇ ಇದ್ದಲ್ಲೇ ಕೂರಿ, ನೆಲವಾದರೂ ಸರಿ. ಹಾಸಿಗೆಯವರೆಗೆ ಹೋಗಿಬಿಡುತ್ತೇನೆ ಅಂತ ನಾಲ್ಕು ಹೆಜ್ಜೆ ಹಾಕುವಾಗಲೇ ಜನ ಬೀಳುವುದು. ಸಾಧ್ಯವಾದರೆ ಮಲಗಿ ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮನೆಯವರು ಅವರನ್ನು ಎಬ್ಬಿಸಿ ನಿಲ್ಲಿಸಲು ಹೋಗಬಾರದು, ಮಲಗಿಸಬೇಕು. ಪ್ರಜ್ಞೆ ಪೂರ್ತಿ ತಪ್ಪಿದರೆ, ಬಿದ್ದು ತಲೆಗೆ ಪೆಟ್ಟಾದರೆ, ಎದೆನೋವು ಬಂದರೆ ಮಾತ್ರೆಯದ್ದು ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಬಿಪಿ ಯಂತ್ರ ಇರುವವರು ಇದನ್ನು ತಾವೇ ನೋಡಬಹುದು. ಐದು ನಿಮಿಷ ಮಲಗಿ, ಮಲಗಿದ್ದಾಗಲೇ ಒಮ್ಮೆ ಅಳೆಯಿರಿ. ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ಅಳೆಯಿರಿ. ಪಕ್ಕದಲ್ಲಿ ಯಾರಾದರೂ ಇರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನದು 10 ಅಥವಾ ಜಾಸ್ತಿ ಇಳಿದರೆ ವೈದ್ಯರಿಗೆ ತೋರಿಸಿ. ನಮ್ಮ ಯಜಮಾನರಿಗೆ ಮಲಗಿದ್ದಾಗ 134/80, ನಿಂತಾಗ 108/70 ಬಂತು ಅನ್ನಿ. 134 ನೋಡಿ ಬಿಪಿ ಚೆನ್ನಾಗಿದೆ ಅನಿಸುತ್ತದೆ. ನಿಂತಾಗ ಅಳೆಯದಿದ್ದರೆ ಆ 26 ಅಂಕಿಯ ಇಳಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಅಳೆಯುವ ಹೊತ್ತೂ ಮುಖ್ಯ. ತಿಂಡಿಯ ನಂತರ ಮಾತ್ರೆ ತಗೊಳ್ಳುವವರು ಬೆಳಿಗ್ಗೆ ಮಾತ್ರೆಗೆ ಮುಂಚೆ ಅಳೆದರೆ ಎಲ್ಲಾ ಸರಿಯಾಗಿಯೇ ಕಾಣಬಹುದು. ಮಧ್ಯಾಹ್ನ ಮೂರರ ಸುಮಾರಿಗೆ ಅಳೆದು ನೋಡಿ.

ಕೆಲವು ಜೊತೆಗಳು ಈ ಇಳಿತವನ್ನು ಹೆಚ್ಚಿಸುತ್ತವೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಮದ್ಯ, ಬಿಸಿ ನೀರಿನ ಸ್ನಾನ, ಬೇಧಿ ವಾಂತಿಯ ದಿನ. ಜನ ಹೇಳದೆ ಮುಚ್ಚಿಡುವುದು ಲೈಂಗಿಕ ತೊಂದರೆಗೆ ತಗೊಳ್ಳುವ ಸಿಲ್ಡೆನಾಫಿಲ್, ಟಡಾಲಾಫಿಲ್ ತರಹದ ಮಾತ್ರೆಗಳನ್ನು. ಅವೂ ರಕ್ತನಾಳವನ್ನು ಸಡಿಲಿಸುತ್ತವೆ. ವೈದ್ಯರಿಗೆ ಹೇಳಿದರೆ ಹೇಗೆ ಹೊಂದಿಸಬೇಕು ಅಂತ ಅವರು ನೋಡುತ್ತಾರೆ. ಹಾಗೆಯೇ ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೋಕೊನಜೋಲ್ ಮಾತ್ರೆ ಟ್ಯಾಮ್ಸುಲೋಸಿನ್ ಮಟ್ಟವನ್ನು ಎರಡು ಪಟ್ಟಿಗಿಂತ ಜಾಸ್ತಿ ಮಾಡುತ್ತದೆ, ಅವೆರಡು ಒಟ್ಟಿಗೆ ಬೇಡ.

ಕೊನೆಗೆ ಬಂದ ಎರಡು ಪ್ರಶ್ನೆಗಳು. ಒಬ್ಬರು, ಮಾತ್ರೆ ಮರೆತರೆ ಏನು ಮಾಡಬೇಕು ಅಂತ ಕೇಳಿದರು. ಅದೇ ದಿನ ನೆನಪಾದರೆ ಏನಾದರೂ ಊಟ ಮಾಡಿ ಆಮೇಲೆ ತಗೊಳ್ಳಿ. ಮರುದಿನ ನೆನಪಾದರೆ ಹೋದದ್ದನ್ನು ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಪ್ರಯಾಣಕ್ಕೆ ಹೋಗಿ ಸ್ಟ್ರಿಪ್ ಮನೆಯಲ್ಲೇ ಉಳಿದು ಹಲವು ದಿನ ತಪ್ಪಿತು ಅನ್ನಿ. ಆಗ ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ, ಮತ್ತೆ ಶುರುಮಾಡುವ ಮಾತ್ರೆ ಮೊದಲ ಡೋಸೇ. ಎರಡು ಕ್ಯಾಪ್ಸೂಲ್, ಅಂದರೆ 0.8 ತಗೊಳ್ಳುತ್ತಿದ್ದವರು ಮತ್ತೆ 0.4ರಿಂದ ಶುರುಮಾಡಬೇಕು. ಡೋಕ್ಸಾಜೋಸಿನ್, ಟೆರಾಜೋಸಿನ್ ಆದರೆ ಇನ್ನೂ ಎಚ್ಚರ. 4 ಅಥವಾ 5 ಮಿಲಿಗ್ರಾಂಗೆ ಏರಿದ್ದವರು ಹಲವು ದಿನ ಬಿಟ್ಟು ನೇರವಾಗಿ ಅದೇ ಮಾತ್ರೆ ನುಂಗಬಾರದು, ಮತ್ತೆ 1ರಿಂದ ಏರಿಸಬೇಕು. ವೈದ್ಯರಿಗೆ ಫೋನ್ ಮಾಡಿ ಕೇಳಿಯೇ ಶುರುಮಾಡಿ.

ಇನ್ನೊಬ್ಬರ ಪ್ರಶ್ನೆ, ಕಣ್ಣಿನ ಪೊರೆ ತೆಗೆಸಬೇಕು, ಈ ಮಾತ್ರೆ ಅಡ್ಡಿಯಾ ಅಂತ. ಕೇಳಿದ್ದು ಒಳ್ಳೆಯದಾಯಿತು. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಸ್ನಾಯುವಿನಲ್ಲೂ ಇದೇ ರಿಸೆಪ್ಟರ್ ಇದೆ. ಮಾತ್ರೆ ತಗೊಂಡವರಲ್ಲಿ ಆಪರೇಷನ್ ನಡುವೆ ಪಾಪೆ ಕಿರಿದಾಗಬಹುದು, ಅದರ ಸುತ್ತಲಿನ ಬಣ್ಣದ ಪರದೆ ಜೋಲಾಗಬಹುದು. 2005ರಲ್ಲಿ ಇದನ್ನು ಟ್ಯಾಮ್ಸುಲೋಸಿನ್ ಜೊತೆ ಮೊದಲು ಗುರುತಿಸಿದರು. ಮೊದಲೇ ಗೊತ್ತಿದ್ದರೆ ಕಣ್ಣಿನ ವೈದ್ಯರು ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತಾರೆ. ನೀವಾಗಿಯೇ ವಾರದ ಮುಂಚೆ ಮಾತ್ರೆ ನಿಲ್ಲಿಸಿ ಹೋದರೆ ಕೆಲಸವಾಗುವುದಿಲ್ಲ, ಹಿಂದೆ ಯಾವಾಗಲೋ ತಗೊಂಡು ಬಿಟ್ಟವರಲ್ಲೂ ಇದು ಕಂಡಿದೆ. ಪೊರೆಯ ಆಪರೇಷನ್ ದಿನ ಗೊತ್ತಾಗಿರುವವರು ಟ್ಯಾಮ್ಸುಲೋಸಿನ್ ಹೊಸದಾಗಿ ಶುರುಮಾಡುವುದಿದ್ದರೆ, ಅದು ಮುಗಿಯುವವರೆಗೆ ತಡೆಯಬಹುದಾ ಅಂತ ಇಬ್ಬರು ವೈದ್ಯರನ್ನೂ ಕೇಳಿ. ಈಗಾಗಲೇ ತಗೊಳ್ಳುತ್ತಿದ್ದರೆ ಸ್ಟ್ರಿಪ್ಪನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿ.